ಮೂರು ಎಣ್ಣೆ, ಮೂರು ಫೋಟೊ: ಯಾವುದು ತರಿಸೋದು?

"ನಮ್ಮತ್ತೆ ಅಂಗಡಿಯಲ್ಲಿ ನಿಂತು ಮೂರು ಎಣ್ಣೆಯ ಫೋಟೊ ಕಳಿಸಿದ್ದಾರೆ. ಮೂರರ ಮೇಲೂ ಸೂರ್ಯಕಾಂತಿ ಹೂವು. ಒಂದು ಲೀಟರ್ ಬಾಟಲಿ 165 ರೂಪಾಯಿ, ಪೌಚು 148, ಇನ್ನೊಂದು ಲೀಟರ್ ಬಾಟಲಿ 189, ಅದರ ಮೇಲೆ 'ಹೈ ಸ್ಮೋಕ್ ಪಾಯಿಂಟ್' ಅಂತ ಇದೆ. ವಾರಕ್ಕೊಮ್ಮೆ ಬೋಂಡ ಕರಿಯೋ ಮನೆ ನಮ್ಮದು. ಯಾವುದು ತರಿಸಲಿ?" — ವಿಜಯನಗರದಿಂದ

ರಾಜಾಜಿನಗರ, ಮೊದಲು ದಿನಸಿ ಅಂಗಡಿ ಇಟ್ಟಿದ್ದವರು

ಹಿಂಬದಿಯ ಫೋಟೊ ತರಿಸಿ, ಮುಂದಿನದರಲ್ಲಿ ಏನೂ ತಿಳಿಯೋಲ್ಲ. ರಿಫೈನ್ಡ್ ಎಣ್ಣೆ ಯಾವುದಾದರೂ ತೆಳು ಹಳದಿಯೇ, ಫೋಟೊದಲ್ಲಿ ಬಣ್ಣ ನೋಡಿ ಹೇಳೋಕೆ ಇಪ್ಪತ್ತು ವರ್ಷ ಎಣ್ಣೆ ಮಾರಿದ ನನ್ನಿಂದಲೂ ಆಗಲ್ಲ. ಬ್ರ್ಯಾಂಡ್ ಹೆಸರೂ ಸಾಲದು. ಫಾರ್ಚೂನ್ ಹೆಸರಲ್ಲೇ ಸೂರ್ಯಕಾಂತಿ, ಸೋಯಾ, ಅಕ್ಕಿ ತೌಡು, ಸಾಸಿವೆ ಎಲ್ಲ ಬರುತ್ತೆ. ಹಿಂದೆ ಸಣ್ಣಕ್ಷರದಲ್ಲಿ 'ರಿಫೈನ್ಡ್ ಸನ್‌ಫ್ಲವರ್ ಆಯಿಲ್' ಅಂತಿದ್ದರೆ ಅದು ಸೂರ್ಯಕಾಂತಿ. 'ಮಲ್ಟಿ ಸೋರ್ಸ್ ಎಡಿಬಲ್ ಆಯಿಲ್' ಅಂತಲೋ, ಮೊದಲಿನ ಹೆಸರಲ್ಲಿ 'ಬ್ಲೆಂಡೆಡ್ ಎಡಿಬಲ್ ವೆಜಿಟೇಬಲ್ ಆಯಿಲ್' ಅಂತಲೋ ಇದ್ದರೆ ಎರಡು ಎಣ್ಣೆ ಬೆರೆಸಿದ್ದು, ಯಾವುದು ಶೇಕಡಾ ಎಷ್ಟು ಅಂತ ಅಲ್ಲೇ ಬರೆದಿರಬೇಕು. ನಿಮ್ಮ 189ರದ್ದು ಈ ಜಾತಿಯದೇ ಅಂತ ನನ್ನ ಅನುಮಾನ.

ಪೌಚಿನ ನಿವ್ವಳ ತೂಕವನ್ನೂ ಓದಿಸಿ.

ಜೆ.ಪಿ. ನಗರ

ಅಷ್ಟೆಲ್ಲ ಯಾಕೆ? ಎಣ್ಣೆಯನ್ನ ರಾತ್ರಿ ಫ್ರಿಜ್‌ನಲ್ಲಿ ಇಡಿ. ಬೆಳಿಗ್ಗೆ ಗಟ್ಟಿಯಾದರೆ ಪಾಮ್ ಬೆರೆತಿದೆ ಅಂತ ಅರ್ಥ. ನಾವು ಹಾಗೇ ಕಂಡುಹಿಡಿಯೋದು.

ರಾಜಾಜಿನಗರದವರು

ಸೂರ್ಯಕಾಂತಿಗೆ ಒಂದು ಮಟ್ಟಿಗೆ ಸರಿ, ಅದು ಸಾಮಾನ್ಯವಾಗಿ ತಿಳಿಯಾಗೇ ಇರುತ್ತೆ. ಆದರೆ ಅಪ್ಪಟ ಕಡಲೆಕಾಯಿ ಎಣ್ಣೆಯೂ ಫ್ರಿಜ್‌ನಲ್ಲಿ ಮಬ್ಬಾಗಿ ಗಟ್ಟಿಯಾಗುತ್ತೆ. ನನ್ನ ಗಿರಾಕಿಯೊಬ್ಬರು ಅದನ್ನೇ ಕಲಬೆರಕೆ ಅಂತ ವಾಪಸ್ ತಂದಿದ್ದರು. ಅಲ್ಲದೆ ಅತ್ತೆಯವರು ಇನ್ನೂ ಅಂಗಡಿಯಲ್ಲೇ ಇದ್ದಾರಲ್ಲ!

ಬಸವನಗುಡಿ

ದೀಪದ ಎಣ್ಣೆ ಅಂದ್ರೆ ನಾನಂತೂ ಎಳ್ಳೆಣ್ಣೆ ಬಿಟ್ಟು ಬೇರೆ ತರಲ್ಲ. ಗಾಂಧಿ ಬಜಾರಲ್ಲಿ ದೀಪದ ಎಣ್ಣೆ ಬಾಟಲಿಗಳೂ ಅಡುಗೆ ಎಣ್ಣೆಯ ಪಕ್ಕದಲ್ಲೇ ಇರುತ್ತವೆ, ನಮ್ಮ ಮನೆಯವರು ಒಮ್ಮೆ ಅದನ್ನೇ ಒಗ್ಗರಣೆಗೆ ತಂದುಬಿಟ್ಟಿದ್ದರು. 'ದೀಪಕ್ಕೆ ಮಾತ್ರ' ಅಂತ ಬರೆದಿದೆಯಾ ನೋಡಿಕೊಳ್ಳಿ.

ಕೇಳಿದವರು

ದೀಪಕ್ಕಲ್ಲಮ್ಮ, ಬೋಂಡಕ್ಕೆ. ಹಿಂಬದಿ ಫೋಟೊ ಬಂತು. ಪೌಚಿನಲ್ಲಿ 800 ಗ್ರಾಂ ಇದೆ! ಗಾತ್ರ ನೋಡಿ ಲೀಟರ್ ಅಂದುಕೊಂಡಿದ್ದೆ. 189ರದ್ದು ತೌಡಿನೆಣ್ಣೆ 80, ಸೂರ್ಯಕಾಂತಿ 20.

ರಾಜಾಜಿನಗರದವರು

ನೋಡಿದಿರಾ. ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತೆ. 148ನ್ನ 910ರಿಂದ ಗುಣಿಸಿ 800ರಿಂದ ಭಾಗಿಸಿ: ಲೀಟರಿಗೆ 168 ರೂಪಾಯಿ ಚಿಲ್ಲರೆ. 17 ರೂಪಾಯಿ ಅಗ್ಗ ಅಂತ ಕಂಡ ಪೌಚು ಬಾಟಲಿಗಿಂತ 3 ರೂಪಾಯಿ ದುಬಾರಿ. ಮೊದಲು ಪ್ಯಾಕಿನ ಅಳತೆ ಕಾನೂನಲ್ಲೇ ಗೊತ್ತುಮಾಡಿತ್ತು. 2022ರಲ್ಲಿ ಆ ಪಟ್ಟಿ ತೆಗೆದ ಮೇಲೆ 750, 800, 850 ಗ್ರಾಂ ಅಂತ ಬರತೊಡಗಿದವು. ಎಂಆರ್‌ಪಿ ಹತ್ತಿರ ಗ್ರಾಂಗೆ ಅಥವಾ ಮಿಲಿಗೆ ಇಷ್ಟು ಪೈಸೆ ಅಂತ ಹಾಕಿರುತ್ತಾರೆ, ಆದರೆ ಒಂದರಲ್ಲಿ ಗ್ರಾಂ, ಇನ್ನೊಂದರಲ್ಲಿ ಮಿಲಿ ಇದ್ದರೆ ನೇರವಾಗಿ ಹೋಲಿಸಬೇಡಿ. ಅಂಗಡಿಯವರು ಎಂಆರ್‌ಪಿಗಿಂತ ಕಡಿಮೆಗೆ ಕೊಟ್ಟರೆ ಬಿಲ್ಲಿನ ಬೆಲೆಯ ಮೇಲೇ ಲೆಕ್ಕ ಹಾಕಿ.

ಜೆ.ಪಿ. ನಗರ

ಆದರೂ ಹೊಗೆ ಏಳೋ ಶಾಖ ಹೆಚ್ಚಿದ್ದಷ್ಟೂ ಆರೋಗ್ಯಕ್ಕೆ ಒಳ್ಳೇದು. 24 ರೂಪಾಯಿ ಹೆಚ್ಚಾದರೂ ಅದನ್ನೇ ತಗೊಳ್ಳಿ.

ಮಲ್ಲೇಶ್ವರ, ಮದುವೆ ಅಡುಗೆ ಮಾಡುವವರು

ನನ್ನ ಅನುಭವ ಬೇರೆ. ನಾನು ಬಾಣಲೆಯಲ್ಲಿ ಥರ್ಮಾಮೀಟರ್ ಇಟ್ಟೇ ಕೆಲಸ ಮಾಡೋದು. ಬೋಂಡಕ್ಕೆ 170ರಿಂದ 180 ಡಿಗ್ರಿ ಸಾಕು. ರಿಫೈನ್ಡ್ ಸೂರ್ಯಕಾಂತಿ 225ರ ಆಸುಪಾಸಲ್ಲಿ ಹೊಗೆಯಾಡುತ್ತೆ, ತೌಡಿನೆಣ್ಣೆ ಅದಕ್ಕಿಂತ ಸ್ವಲ್ಪ ಮೇಲೆ. ಎರಡಕ್ಕೂ ಬೇಕಾದಷ್ಟು ಅಂತರ ಇದೆ, ಆ ಮೇಲಿನ ಹತ್ತಿಪ್ಪತ್ತು ಡಿಗ್ರಿಗೆ ದುಡ್ಡು ಕೊಟ್ಟು ಬೋಂಡಕ್ಕೇನೂ ಸಿಗಲ್ಲ. ಬಾಟಲಿಯಲ್ಲಿ ಬರೆದ ಅಂಕಿ ಹೊಸ ಎಣ್ಣೆಯದು ಅನ್ನೋದೂ ನೆನಪಿರಲಿ. ಒಮ್ಮೆ ಕರಿದ ಮೇಲೆ ಎಣ್ಣೆಯಲ್ಲಿ ಬಿಡುಗಡೆಯಾಗೋ ಆಮ್ಲ, ತಳದಲ್ಲಿ ಕರಕಲಾದ ಹಿಟ್ಟಿನ ಚೂರು ಸೇರಿ ಹೊಗೆ ಬೇಗ ಏಳುತ್ತೆ. ಬೋಂಡ ಹಾಕೋ ಮುಂಚೆಯೇ ನೀಲಿ ಹೊಗೆ ಎಳೆಯಾಗಿ ಕಂಡರೆ, ನೊರೆ ಇಳಿಯದೆ ನಿಂತರೆ ಆ ಎಣ್ಣೆ ಮುಗೀತು ಅಂತ ಲೆಕ್ಕ.

ಕೇಳಿದವರು

ಅತ್ತೆ ಈಗ ಗಾಣದ ಕಡಲೆಕಾಯಿ ಎಣ್ಣೆಯ ಫೋಟೊ ಕಳಿಸಿದ್ದಾರೆ, ಅದರಲ್ಲೂ 230 ಡಿಗ್ರಿ ಅಂತಿದೆ.

ಮಲ್ಲೇಶ್ವರ

ಅದು ರಿಫೈನ್ಡ್ ಕಡಲೆಕಾಯಿ ಎಣ್ಣೆಯ ಅಂಕಿ. ಗಾಣದ್ದು 160ರ ಸುತ್ತಲೇ ಹೊಗೆಯಾಡಬಹುದು, ಬೀಜ, ಸೋಸಿದ ರೀತಿ ನೋಡಿ ಒಂದೊಂದು ಸಲ ಒಂದೊಂದು ಥರ. ಒಗ್ಗರಣೆಗೆ, ಚಿತ್ರಾನ್ನಕ್ಕೆ ಅದರ ಘಮ ಬೇರೆಯದರಲ್ಲಿ ಬರಲ್ಲ. ಕರಿಯೋಕೆ ನಾನಂತೂ ಬಳಸಲ್ಲ.

ಜೆ.ಪಿ. ನಗರ

ನಮ್ಮಜ್ಜಿ ಜೀವನಪೂರ್ತಿ ಗಾಣದೆಣ್ಣೆಯಲ್ಲೇ ಕರಿದರು ಸ್ವಾಮಿ, ಇದನ್ನ ನಾನು ಒಪ್ಪಲ್ಲ.

ಕೇಳಿದವರು

165ರ ಬಾಟಲಿ ತರೋಕೆ ಹೇಳಿದೆ. ಅತ್ತೆ ಗಾಣದ್ದೂ ಅರ್ಧ ಲೀಟರ್ ತಗೊಂಡಿದ್ದಾರೆ.