ಐಸ್‌ನಿಂದ ಆವಿಯವರೆಗೆ: ಆ 248 ಎಲ್ಲಿಂದ ಬಂತು?

“ಮಾವ, ಮೈನಸ್ 18 ಡಿಗ್ರಿಯ 100 ಗ್ರಾಂ ಐಸ್ 120 ಡಿಗ್ರಿಯ ಆವಿ ಆದರೆ ಎಂಟ್ರೊಪಿ ಎಷ್ಟು ಜಾಸ್ತಿ ಆಗುತ್ತದೆ? ನಾನು ಶಾಖವನ್ನೆಲ್ಲ ಕೂಡಿಸಿ ಟೆಂಪರೇಚರ್‌ನಿಂದ ಭಾಗಿಸಿದೆ. 1131 ಬಂತು. ಉತ್ತರ 883 ಅಂತ ಉಂಟು. ಎಲ್ಲಿ ತಪ್ಪಿತು?”

ಶಾಖದ ಲೆಕ್ಕ ಸರಿಯೇ ಉಂಟು ಮಾರಾಯ್ತಿ. 1131ನ್ನು 273ರಿಂದ ಗುಣಿಸಿ ನೋಡಿದೆ, ಸುಮಾರು 3,08,700 ಜೂಲ್ ಬಂತು. ಒಟ್ಟು ಶಾಖ ಅಷ್ಟೇ. ಅಂದರೆ ನೀನು ಎಲ್ಲವನ್ನೂ ಸೊನ್ನೆ ಡಿಗ್ರಿಯಲ್ಲೇ ಕೊಟ್ಟ ಹಾಗೆ 273ರಿಂದ ಭಾಗಿಸಿದ್ದಿ. ಶಾಖ ಒಳಗೆ ಹೋಗುವ ಹೊತ್ತಿಗೆ ಐಸ್, ನೀರು ಅಥವಾ ಆವಿ ಎಷ್ಟು ಕೆಲ್ವಿನ್‌ನಲ್ಲಿ ಇತ್ತೋ ಅದರಿಂದಲೇ ಭಾಗಿಸಬೇಕು. ಅದಕ್ಕೇ ಹಂತ ಹಂತವಾಗಿ ಹೋಗುವುದು.

ಸುಲಭದ್ದು ಮೊದಲು. ಐಸ್ ಕರಗುವಾಗ ಎಷ್ಟು ಶಾಖ ಕೊಟ್ಟರೂ ಸೊನ್ನೆ ಡಿಗ್ರಿ ಅಲುಗುವುದಿಲ್ಲ ಅಲ್ವಾ? ಹಾಗಾಗಿ ಅಲ್ಲಿ ನೇರ ಭಾಗಾಕಾರ ಸಾಕು. ಗ್ರಾಂಗೆ 334 ಜೂಲ್, 100 ಗ್ರಾಂಗೆ 33,400. ಅದನ್ನು 273ರಿಂದ ಭಾಗಿಸಿದರೆ 122.3. ಕುದಿಯುವಾಗಲೂ ಹಾಗೆಯೇ, ಗ್ರಾಂಗೆ 2257 ಜೂಲ್. 2,25,700ನ್ನು 373ರಿಂದ ಭಾಗಿಸಿದರೆ 605.1. ನೀನು ಇದನ್ನೂ 273ರಿಂದ ಭಾಗಿಸಿದ್ದರಿಂದ 827 ಆಯಿತು. ನಿನಗೆ ಜಾಸ್ತಿ ಬಂದ 248ರಲ್ಲಿ 222 ಇಲ್ಲೇ ಸೇರಿಕೊಂಡಿದೆ.

ಬಿಸಿಯಾಗುತ್ತಾ ಹೋಗುವ ಹಂತಗಳಲ್ಲಿ ಟೆಂಪರೇಚರ್ ನಿಂತಲ್ಲಿ ನಿಲ್ಲುವುದಿಲ್ಲ. ಚೂರು ಚೂರು ಶಾಖವನ್ನು ಆಗಿನ ಟೆಂಪರೇಚರ್‌ನಿಂದ ಭಾಗಿಸಿ ಕೂಡಿಸುತ್ತಾ ಹೋಗಬೇಕು. ಆ ಕೂಡಿಸುವ ಕೆಲಸವನ್ನೇ ಲಾಗ್ ಮಾಡಿಕೊಡುತ್ತದೆ:

ΔS = m c ln(T2/T1)

ನೀರಿಗೆ ಹಾಕಿ ನೋಡು. 100 ಗ್ರಾಂ, ಸ್ಪೆಸಿಫಿಕ್ ಹೀಟ್ 4.18, ಗುಣಿಸಿದರೆ 418. 373ನ್ನು 273ರಿಂದ ಭಾಗಿಸಿ ln ತೆಗೆದರೆ 0.312. ಉತ್ತರ 130.5. ಕ್ಯಾಲ್ಕುಲೇಟರ್‌ನಲ್ಲಿ log ಒತ್ತಬೇಡ, 57ರ ಹತ್ತಿರ ಬಂದು ಕೂರುತ್ತದೆ. ಡಿಗ್ರಿ ಸೆಲ್ಸಿಯಸ್ ಕೂಡ ಹಾಕಬಾರದು. ನೀರಿನಲ್ಲಾದರೆ 100ನ್ನು ಸೊನ್ನೆಯಿಂದ ಭಾಗಿಸಲು ಹೋಗಿ ಎರರ್ ಬರುತ್ತದೆ, ಕೂಡಲೇ ಗೊತ್ತಾಗುತ್ತದೆ. ಆವಿಯ ಹಂತದಲ್ಲಿ ಹಾಗಲ್ಲ. ಆವಿಯ ಸ್ಪೆಸಿಫಿಕ್ ಹೀಟ್ 2, ಗುಣಿಸಿದರೆ 200. 120, 100 ಅಂತ ಹಾಕಿದರೆ ಸುಮ್ನೆ 36 ಚಿಲ್ಲರೆ ತೋರಿಸುತ್ತದೆ, ನಿಜವಾದದ್ದು 10.4. ನಂಬಿಬಿಟ್ಟರೆ ಮುಗಿಯಿತು.

ತಾಳೆ ನೋಡಲು ಒಂದು ಉಪಾಯ ಉಂಟು. ಆ ಹಂತದ ಶಾಖವನ್ನು ನಡುವಿನ ಟೆಂಪರೇಚರ್‌ನಿಂದ ಭಾಗಿಸು. ನೀರಿಗೆ 41,800, ನಡುವಿನದ್ದು 323 ಕೆಲ್ವಿನ್. 129.4 ಬರುತ್ತದೆ. 130.5ಕ್ಕೆ ಹತ್ತಿರವೇ. ಐಸ್ ಹಂತಕ್ಕೆ 3780 ಜೂಲ್, ನಡುವೆ 264. ಅಲ್ಲಿ ಎರಡೂ ದಾರಿಯಲ್ಲಿ 14.3 ಬರುತ್ತದೆ, ಯಾಕೆಂದರೆ ಬರೀ 18 ಡಿಗ್ರಿಯ ಅಂತರ. ಇದು ತಾಳೆ ನೋಡಲಿಕ್ಕೆ ಮಾತ್ರ, ಪರೀಕ್ಷೆಯಲ್ಲಿ ಲಾಗ್ ಹಾಕಿಯೇ ಬರೆ.

ಈಗ ಕೂಡಿಸು: 14.3, 122.3, 130.5, 605.1, 10.4. ಒಟ್ಟು 882.6, ಅದನ್ನೇ 883 ಅಂತ ಕೊಟ್ಟಿದ್ದಾರೆ. ಯೂನಿಟ್ ಜೂಲ್ ಪರ್ ಕೆಲ್ವಿನ್, ಬರೆಯದಿದ್ದರೆ ಮಾರ್ಕು ಹೋಗುತ್ತದೆ.

ಆ 605 ಒಂದನ್ನೇ ಸ್ವಲ್ಪ ನೋಡು. ಒಟ್ಟಿನ ಮೂರರಲ್ಲಿ ಎರಡು ಪಾಲು ಅದೇ. ಐಸ್ ಕರಗಿದಾಗ ಅಣುಗಳು ಸಾಲು ತಪ್ಪುತ್ತವೆ ನಿಜ, ಆದರೂ ಒಂದಕ್ಕೊಂದು ತಾಗಿಕೊಂಡೇ ಇರುತ್ತವೆ. ಕುದಿದಾಗ ಪೂರಾ ಬಿಡಿಬಿಡಿ. 100 ಗ್ರಾಂ ನೀರು ಒಂದು ಸಣ್ಣ ಲೋಟದಷ್ಟು, ಅದರ ಆವಿ ಸುಮಾರು 170 ಲೀಟರ್. ಇನ್ನೊಂದು ಚಂದದ ವಿಷಯ: ಒಂದು ಮೋಲ್‌ಗೆ ಲೆಕ್ಕ ಹಾಕಿದರೆ 109 ಬರುತ್ತದೆ. ಬೆಂಜೀನ್‌ನಂಥ ಸಾಮಾನ್ಯ ದ್ರವಗಳಿಗೆ ಅದು 85ರಿಂದ 88ರ ಆಸುಪಾಸು, ಅದಕ್ಕೆ ಟ್ರೌಟನ್ ನಿಯಮ ಅಂತ ಹೆಸರು. ನೀರಿನ ಅಣುಗಳು ಹೈಡ್ರೋಜನ್ ಬಂಧದಿಂದ ಕೈ ಕೈ ಹಿಡಿದು ದ್ರವದಲ್ಲೂ ಸ್ವಲ್ಪ ಶಿಸ್ತಾಗಿರುತ್ತವೆ. ಅದನ್ನು ಬಿಡಿಸುವಾಗ ಏರಿಕೆ ಜಾಸ್ತಿ.

ನಿನ್ನ ಅಣ್ಣ ಕೇಳಿದ್ದಾನೆ, ಗ್ಯಾಸ್ ಒಲೆಯಲ್ಲಿಟ್ಟು ಗಡಿಬಿಡಿಯಲ್ಲಿ ಕಾಯಿಸಿದರೆ ಇದು ಬದಲಾಗುತ್ತದಾ ಅಂತ. ನೀರಿನದ್ದು ಬದಲಾಗುವುದಿಲ್ಲ ಮಾರಾಯ. ಶುರು ಮತ್ತು ಕೊನೆ ಎರಡೂ ಅದೇ ಇದ್ದರೆ 883 ಅದೇ. ಬದಲಾಗುವುದು ಸುತ್ತಲಿನ ಲೆಕ್ಕ ಮಾತ್ರ. ಆದರೆ ಕುಕ್ಕರ್‌ನ ಒಳಗಿನ 120 ಡಿಗ್ರಿ ಆವಿಯನ್ನು ಇದಕ್ಕೆ ಸೇರಿಸಬೇಡ. ಅಲ್ಲಿ ಒತ್ತಡ ಸುಮಾರು ಎರಡು ಪಟ್ಟು, ಆವಿ ಅರ್ಧ ಜಾಗದಲ್ಲಿ ಒತ್ತಿಕೊಂಡಿರುತ್ತದೆ, ಎಂಟ್ರೊಪಿ 30 ಚಿಲ್ಲರೆ ಕಡಿಮೆ. ನಮ್ಮ ಉಡುಪಿ ಸಮುದ್ರದ ಮಟ್ಟದಲ್ಲಿ ಇರುವುದರಿಂದ ತೆರೆದ ಪಾತ್ರೆಯಲ್ಲಿ 373 ಸರಿಯಾಗುತ್ತದೆ. ಮಡಿಕೇರಿಯಲ್ಲಿ ಕೂತು ಮಾಡಿದರೆ ನೀರು 96ರ ಹತ್ತಿರವೇ ಕುದಿಯುತ್ತದೆ, ಅಲ್ಲಿ ಭಾಗಿಸಬೇಕಾದ್ದು 369.