ಮಾವ ರಾತ್ರಿ ನಾಲ್ಕು ಸಲ ಏಳುತ್ತಾರೆ, ಜೊತೆಗೆ ಇಡೀ ಖೋಲಿ ಏಳುತ್ತದೆ

ಪರೇಲ್ ಸೊಸೆ: ಡಾಕ್ಟ್ರೇ, ನಮ್ಮದು ಚಾಳಿನಲ್ಲಿ ಒಂದೇ ಖೋಲಿ, 10x14. ಮಾವನಿಗೆ 76, ಅತ್ತೆಗೆ 70. ನಾನು, ಯಜಮಾನರು, ಹತ್ತನೇ ಕ್ಲಾಸಿನ ಮಗ. ಮಾವ ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳುತ್ತಾರೆ. ಸಂಡಾಸು ಗ್ಯಾಲರಿಯ ಆ ತುದಿಯಲ್ಲಿ, ಹಾಗಾಗಿ ಖೋಲಿಯೊಳಗಿನ ಬಚ್ಚಲು ಮೋರಿಯಲ್ಲೇ ಮುಗಿಸುತ್ತಾರೆ. ಟ್ಯೂಬ್‌ಲೈಟ್ ಹಾಕುತ್ತಾರೆ, ನನ್ನನ್ನು ದಾಟಿ ಹೋಗುತ್ತಾರೆ, ಬಕೆಟ್ಟಿನಿಂದ ನೀರು ಸುರಿಯುತ್ತಾರೆ. ಮೂರೂವರೆಗೆ ಪೂರ್ತಿ ಎದ್ದು ಜಪ ಶುರು. ನಾನು 5ಕ್ಕೆ ಎದ್ದು 6ಕ್ಕೆ ಮನೆ ಬಿಡಬೇಕು, ಘಾಟ್ಕೋಪರ್‌ನ ಶಾಲೆಯಲ್ಲಿ ಕೆಲಸ. ಕ್ಲಾಸಿನಲ್ಲಿ ನಿಂತಲ್ಲೇ ತೂಕಡಿಸುತ್ತೇನೆ. ಮಾವನಿಗೆ ಏನಾದರೂ ನಿದ್ರೆ ಮಾತ್ರೆ ಕೊಡಬಹುದಾ?

ಡಾಕ್ಟರ್, ಮುಲುಂಡ್: ನಿದ್ರೆ ಮಾತ್ರೆ ಬೇಡವೇ ಬೇಡ. ಮೂತ್ರ ಬಂದೇ ಬರುತ್ತದೆ. ಅರೆನಿದ್ರೆಯಲ್ಲಿ ಎದ್ದು ಮೋರಿಯ ಒದ್ದೆ ಕಲ್ಲಿನ ಮೇಲೆ ಜಾರಿದರೆ ಸೊಂಟದ ಮೂಳೆ ಹೋಗುತ್ತದೆ. ಆಮೇಲೆ ನಿದ್ರೆಯ ಮಾತೇ ಬೇರೆ.

ನಾನು ಮೊದಲು ಕೇಳುವುದು ಎಷ್ಟು ಸಲ ಎಂದಲ್ಲ, ಪ್ರತಿ ಸಲ ಎಷ್ಟು ಹೋಗುತ್ತದೆ ಎಂದು. ವಯಸ್ಸಾದ ಗಂಡಸರು ರಾತ್ರಿ ಎದ್ದರೆ ಎಲ್ಲರೂ ಪ್ರಾಸ್ಟೇಟ್ ಎಂದುಬಿಡುತ್ತಾರೆ. ಇರಬಹುದು. ಆದರೆ ಪ್ರಾಸ್ಟೇಟ್ ತೊಂದರೆಯಲ್ಲಿ ಸಾಮಾನ್ಯವಾಗಿ ಸ್ವಲ್ಪ ಸ್ವಲ್ಪವೇ ಬರುತ್ತದೆ, ಧಾರೆ ಸಣ್ಣ, ಹಗಲೂ ಅದೇ ಕಥೆ. ಇನ್ನು ಕೆಲವರಿಗೆ ಪ್ರತಿ ಸಲ ಒಂದು ದೊಡ್ಡ ಲೋಟದಷ್ಟು ಧಾರಾಳವಾಗಿ ಹೋಗುತ್ತದೆ. ಅಂಥವರಿಗೆ ಮೂತ್ರಚೀಲದಲ್ಲಿ ತೊಂದರೆ ಇಲ್ಲ, ದೇಹವೇ ರಾತ್ರಿ ಜಾಸ್ತಿ ಮೂತ್ರ ಮಾಡುತ್ತಿದೆ. ಎರಡಕ್ಕೂ ದಾರಿ ಬೇರೆ ಬೇರೆ.

ಹೀಗೆ ಮಾಡಿ. ಖಾಲಿಯಾದ ಒಂದು ಲೀಟರಿನ ಎಣ್ಣೆ ಕ್ಯಾನಿನ ಬಾಯಿ ಕತ್ತರಿಸಿ. ಔಷಧದ ಅಳತೆ ಕಪ್ಪಿನಿಂದ ನೀರು ಹಾಕುತ್ತಾ 100 ಎಂಎಲ್‌ಗೆ ಒಂದರಂತೆ ಮಾರ್ಕರಿನಲ್ಲಿ ಗೆರೆ ಎಳೆಯಿರಿ. ಎರಡು ದಿನ ಮಾವ ಅದರಲ್ಲೇ ಮಾಡಲಿ, ಗಂಟೆ ಮತ್ತು ಅಳತೆ ಮಗ ಬರೆದಿಡಲಿ. ಬೆಳಿಗ್ಗೆ ಎದ್ದ ತಕ್ಷಣದ ಮೊದಲ ಮೂತ್ರವನ್ನು ರಾತ್ರಿಯ ಲೆಕ್ಕಕ್ಕೇ ಸೇರಿಸಿ, ಅದು ತಯಾರಾಗಿದ್ದು ರಾತ್ರಿಯೇ ಅಲ್ವಾ.

ಜೊತೆಗೆ ಮೂರು ವಿಷಯ ತಿಳಿಸಿ. ಯಾವ ಮಾತ್ರೆ, ಎಷ್ಟು ಹೊತ್ತಿಗೆ. ಸಂಜೆ ಕಾಲು ಊದುತ್ತದಾ. ಎಷ್ಟು ಗಂಟೆಗೆ ಮಲಗುತ್ತಾರೆ.

ಪುಣೆಯಿಂದ ಒಬ್ಬರು: ನನ್ನ ಅನುಭವ ಹೇಳ್ತೀನಿ. ಸಂಜೆ 5ರ ಮೇಲೆ ಒಂದು ಹನಿ ನೀರೂ ಕೊಡಬೇಡಿ. ನಮ್ಮ ತಂದೆಗೆ ಹಾಗೇ ಮಾಡಿದ್ವಿ, ಎರಡು ಸಲಕ್ಕೆ ಇಳಿಯಿತು. ಮಲಗುವಾಗ ಶೀತದ್ದೋ ಅಲರ್ಜಿಯದ್ದೋ ಅರ್ಧ ಮಾತ್ರೆ ಕೊಟ್ಟರೆ ನಿದ್ರೆಯೂ ಬರುತ್ತೆ. ಅದು ನಿದ್ರೆ ಮಾತ್ರೆ ಅಲ್ಲವಲ್ಲ.

ಡಾಕ್ಟರ್, ಮುಲುಂಡ್: ಅರ್ಧ ಸರಿ. ಮಲಗುವ ಎರಡು ಮೂರು ಗಂಟೆ ಮೊದಲು ನೀರು, ಚಹಾ ಕಡಿಮೆ ಮಾಡುವುದು ಒಳ್ಳೆಯದೇ. ಆದರೆ 5ರಿಂದಲೇ ಒಣಗಿಸಿದರೆ ಈ ಮುಂಬೈ ಸೆಕೆಯಲ್ಲಿ ಮುದುಕರು ಬೇಗ ಸೋಲುತ್ತಾರೆ, ರಾತ್ರಿ ಎದ್ದಾಗ ತಲೆ ತಿರುಗುತ್ತದೆ. ಹಗಲು ಚೆನ್ನಾಗಿ ಕುಡಿಸಿ. ರಾತ್ರಿ ಮಾತ್ರೆಗೆ ಅರ್ಧ ಲೋಟ ಸಾಕು, ಬಾಯಿ ಒಣಗಿದರೆ ಒಂದು ಗುಟುಕು.

ಆ ಅರ್ಧ ಮಾತ್ರೆ ಮಾತ್ರ ಖಂಡಿತ ಬೇಡ. ನಿದ್ರೆ ಬರಿಸುವ ಹಳೆಯ ಅಲರ್ಜಿ ಮಾತ್ರೆಗಳಿಂದ ಈ ವಯಸ್ಸಿನಲ್ಲಿ ಮೂತ್ರ ಕಟ್ಟಬಹುದು, ರಾತ್ರಿ ಗೊಂದಲ ಆಗಬಹುದು. ನಿಮ್ಮ ತಂದೆಗೆ ಏನೂ ಆಗಲಿಲ್ಲ, ಸಂತೋಷ. ತೊಂದರೆಯಾಗಿ ಬಂದವರನ್ನು ನಾನು ನೋಡಿದ್ದೇನೆ.

ವಾಸ್ಕೋದಿಂದ: ನಮ್ಮ ಮನೆಯಲ್ಲೂ ಇದೇ ಗೋಳು! ಅಜ್ಜಿ ಗೊರಕೆ ಹೊಡೆದರೆ ಬಂದರಿನ ಹಡಗಿನ ಸೀಟಿ ಕೇಳಿಸುವುದಿಲ್ಲ. ಕಿವಿಗೆ ಹತ್ತಿ ಇಟ್ಟುಕೊಳ್ಳಿ ಅಕ್ಕ, ಅಷ್ಟೇ.

ಪರೇಲ್ ಸೊಸೆ: ಅಣ್ಣಾ, ಗೊರಕೆ ಅಲ್ಲ, ಮೂತ್ರದ್ದು. ಹತ್ತಿ ಇಟ್ಟುಕೊಂಡರೆ 5ರ ಅಲಾರಂ ಕೇಳಲ್ಲ.

ಡಾಕ್ಟರ್, ಮುಲುಂಡ್: ವಾಸ್ಕೋದವರು ಪ್ರಶ್ನೆ ತಪ್ಪಿ ಓದಿದರೂ ಒಳ್ಳೆಯ ಮಾತೇ ಎತ್ತಿದರು. ಗೊರಕೆಯ ಮಧ್ಯೆ ಉಸಿರು ನಿಂತು ನಿಂತು ಬರುವವರಿಗೂ ರಾತ್ರಿ ಮೂತ್ರ ಜಾಸ್ತಿಯಾಗುತ್ತದೆ. ನಿಮ್ಮ ಅತ್ತೆಯವರನ್ನು ಕೇಳಿ, ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರುವುದಿಲ್ಲ.

ಡೊಂಬಿವಲಿ: ಬದ್ಲಾಪುರದ ಕಡೆ ಒಂದು ರೂಮು ಕಿಚನ್ ತಗೊಳ್ಳಿ. ಸುಮ್ನೆ ಯಾಕೆ ಈ ತಾಪತ್ರಯ.

ಪರೇಲ್ ಸೊಸೆ: ಬದ್ಲಾಪುರಕ್ಕೆ ಹೋದರೆ 4ಕ್ಕೇ ಏಳಬೇಕು. ಮಾವನ ಜೊತೆ ನಾನೂ ಜಪಕ್ಕೆ ಕೂರಬಹುದು!

ಪರೇಲ್ ಸೊಸೆ (ನಾಲ್ಕು ದಿನದ ನಂತರ): ಮೇಡಂ, ಅಳತೆ ಆಯಿತು. ಮಾವ ಮೊದಲು ಸಿಟ್ಟಾದರು, ಮೊಮ್ಮಗ ಸೈನ್ಸ್ ಪ್ರಾಜೆಕ್ಟ್ ಎಂದ ಮೇಲೆ ಒಪ್ಪಿದರು. ಮೊದಲ ದಿನ ಒಟ್ಟು 1,750 ಎಂಎಲ್, ಅದರಲ್ಲಿ ರಾತ್ರಿ 850. ಎರಡನೇ ದಿನ 1,600, ರಾತ್ರಿ 800. ಪ್ರತಿ ಸಲ 150ರಿಂದ 200. ಬಿಪಿಗೆ ಎರಡು ಮಾತ್ರೆ: ಬೆಳಿಗ್ಗೆ ಅಮ್ಲೋಡಿಪಿನ್, ರಾತ್ರಿ ಊಟವಾದ ಮೇಲೆ ಇನ್ನೊಂದು, ಅದರ ಹೆಸರಿನ ಕೊನೆಗೆ ಎಚ್ ಇದೆ. ಸಂಜೆ ಕಾಲಿನಲ್ಲಿ ಕಾಲ್ಚೀಲದ ಗೆರೆ ಉಳಿಯುತ್ತದೆ. ಸಕ್ಕರೆ ಹೋದ ತಿಂಗಳು ನೋಡಿಸಿದ್ದು, ನಾರ್ಮಲ್. ಸೀರಿಯಲ್ ನೋಡುತ್ತಾ ಎಂಟಕ್ಕೇ ಮಲಗಿಬಿಡುತ್ತಾರೆ. ಗೊರಕೆ ಇದೆ, ಉಸಿರು ನಿಲ್ಲುವುದಿಲ್ಲ ಅಂತಾರೆ ಅತ್ತೆ.

ಡಾಕ್ಟರ್, ಮುಲುಂಡ್: ಶಹಬ್ಬಾಸ್ ನಿಮ್ಮ ಮಗನಿಗೆ. ಈ ವಯಸ್ಸಿನಲ್ಲಿ ದಿನದ ಮೂತ್ರದ ಮೂರನೇ ಒಂದು ಭಾಗದವರೆಗೆ ರಾತ್ರಿ ಹೋದರೆ ಸರಿ. ಇವರದು ಹತ್ತಿರ ಹತ್ತಿರ ಅರ್ಧ. ಒಟ್ಟು ಅಳತೆ ಜಾಸ್ತಿಯಿಲ್ಲ, ಹೊತ್ತು ತಪ್ಪಿದೆ ಅಷ್ಟೇ.

ಆ ಎಚ್ ಸಾಮಾನ್ಯವಾಗಿ ನೀರಿನ ಮಾತ್ರೆಯ ಗುರುತು, ಮೂತ್ರ ಜಾಸ್ತಿ ಮಾಡಿ ಬಿಪಿ ಇಳಿಸುವಂಥದ್ದು. ಅದನ್ನು ರಾತ್ರಿ ನುಂಗಿದರೆ ರಾತ್ರಿಯೇ ಕೆಲಸ ಮಾಡುತ್ತದೆ. ಬೆಳಿಗ್ಗೆಗೆ ಬದಲಿಸಬಹುದಾ ಎಂದು ಬರೆದುಕೊಟ್ಟ ಡಾಕ್ಟರನ್ನೇ ಕೇಳಿ. ನೀವೇ ಬದಲಿಸಬೇಡಿ, ನಿಲ್ಲಿಸಲೂ ಬೇಡಿ. ಆ ಚೀಟಿ ಬರೆಯುವಾಗ ಅವರ ತಲೆಯಲ್ಲಿ ಏನಿತ್ತೋ ನನಗೆ ಇಲ್ಲಿಂದ ಕಾಣುವುದಿಲ್ಲ. ಮೋರಿಯ ಕಥೆ ಅವರಿಗೆ ಯಾರೂ ಹೇಳಿರಲಿಕ್ಕಿಲ್ಲ.

ಎರಡನೆಯದು ಕಾಲು. ಅಮ್ಲೋಡಿಪಿನ್‌ನಿಂದ ಕೆಲವರಿಗೆ ಪಾದ ಊದುತ್ತದೆ. ಹಗಲೆಲ್ಲ ಕಾಲು ಇಳಿಬಿಟ್ಟು ಕೂತರೆ ನೀರು ಕೆಳಗೆ ಸೇರುತ್ತದೆ. ಮಲಗಿದ ಮೇಲೆ ಅದೇ ನೀರು ರಕ್ತಕ್ಕೆ ವಾಪಸ್ ಬಂದು ಮೂತ್ರವಾಗುತ್ತದೆ. ಅದಕ್ಕೇ ಸಂಜೆ ನಾಲ್ಕರಿಂದ ಐದು, ಎರಡು ದಿಂಬಿನ ಮೇಲೆ ಕಾಲಿಟ್ಟು ಮಲಗಲಿ. ನಿದ್ರೆ ಮಾಡದೆ, ರೇಡಿಯೋ ಕೇಳುತ್ತಾ. ಆ ಮೂತ್ರ ಹಗಲೇ ಹೋಗಿಬಿಡುತ್ತದೆ. ಒಂದೇ ಕಾಲು ದಿಢೀರ್ ಊದಿದರೆ, ಇಲ್ಲವೇ ಮಲಗಿದಾಗ ಉಸಿರು ಕಟ್ಟಿದರೆ ಇದನ್ನೆಲ್ಲ ಬಿಟ್ಟು ಅವತ್ತೇ ಆಸ್ಪತ್ರೆಗೆ.

ಮೂರನೆಯದು ಎಂಟಕ್ಕೇ ಮಲಗುವುದು. ಎಂಟಕ್ಕೆ ಮಲಗಿದವರಿಗೆ ಮೂರಕ್ಕೇ ಏಳು ಗಂಟೆ ಆಯಿತು, ಇನ್ನೆಷ್ಟು ಮಲಗುತ್ತಾರೆ? ಕಾಲು ಇಳಿಸಿದ ಮೇಲೆ, ಐದರ ನಂತರ ಗ್ಯಾಲರಿಯಲ್ಲೋ ಬೀದಿಯಲ್ಲೋ ಬೆಳಕಿನಲ್ಲಿ ಒಂದು ಸುತ್ತು ಹಾಕಿಸಿ. ಎಂಟರ ಹೊತ್ತಿಗೆ ಯಾರಾದರೂ ಮಾತಿಗೆ ಎಳೆಯಿರಿ. ವಾರಕ್ಕೆ ಕಾಲು ಗಂಟೆಯಂತೆ ಒಂಬತ್ತೂವರೆಗೆ ತನ್ನಿ. ಒಂದೇ ದಿನಕ್ಕೆ ಎಳೆದರೆ ಕುರ್ಚಿಯಲ್ಲೇ ಮಲಗುತ್ತಾರೆ.

ಈಗ ನಿಮ್ಮ ವಿಷಯ. ಗಾಢ ನಿದ್ರೆ ಹೆಚ್ಚಾಗಿ ರಾತ್ರಿಯ ಮೊದಲ ಭಾಗದಲ್ಲಿ ಬರುತ್ತದೆ. ನೀವು 10ಕ್ಕೆ ಮಲಗಿದರೆ ಒಂದು ಗಂಟೆಯವರೆಗಿನ ನಿದ್ರೆಯನ್ನು ಹೇಗಾದರೂ ಕಾಪಾಡಿ. ಆ ಮೂರು ಗಂಟೆಯಲ್ಲಿ ಯಾರು ಯಾರು ನಿಮ್ಮನ್ನು ಎಬ್ಬಿಸುತ್ತಾರೆ?

ಪರೇಲ್ ಸೊಸೆ: ಮಾವ ಹನ್ನೊಂದಕ್ಕೆ ಒಂದು ಸಲ. ಯಜಮಾನರದು ಸೆಕೆಂಡ್ ಶಿಫ್ಟ್, ಹನ್ನೊಂದೂವರೆಗೆ ಬರುತ್ತಾರೆ, ಎದ್ದು ಊಟ ಬಡಿಸುತ್ತೇನೆ. ಮಗ ಹನ್ನೆರಡರವರೆಗೆ ಓದುತ್ತಾನೆ. ಬರೆಯುವಾಗಲೇ ಗೊತ್ತಾಗ್ತಿದೆ, ಮಾವನೊಬ್ಬರದ್ದೇ ತಪ್ಪಲ್ಲ.

ಡಾಕ್ಟರ್, ಮುಲುಂಡ್: ಅದೇ ಮತ್ತೆ. ಯಜಮಾನರ ತಟ್ಟೆ ಮುಚ್ಚಿಡಿ, ಅವರೇ ಬಡಿಸಿಕೊಳ್ಳಲಿ. ಮಗ ಖೋಲಿಯ ಅಟ್ಟದ ಮೇಲೆ ಟೇಬಲ್ ಲ್ಯಾಂಪಿನಲ್ಲಿ ಓದಲಿ, ಬೆಳಕು ಗೋಡೆ ಕಡೆಗಿರಲಿ. ಹಾಸಿಗೆ ಅದಲು ಬದಲು ಮಾಡಿ: ಮಾವ ಮೋರಿಯ ಪಕ್ಕ, ನೀವು ಬಾಗಿಲ ಕಡೆಯ ಗೋಡೆಗೆ. ದಾರಿಯಲ್ಲಿ ಯಾರೂ ಮಲಗಬಾರದು, ಬಕೆಟ್ಟು, ಚಪ್ಪಲಿ ಏನೂ ಇರಬಾರದು. ರಾತ್ರಿ ಟ್ಯೂಬ್‌ಲೈಟ್ ಬೇಡ. ಮೊಣಕಾಲಿನ ಎತ್ತರಕ್ಕೆ ಒಂದು ಹಳದಿ ಸಣ್ಣ ಬಲ್ಬು ಸಾಕು. ಕಾಲಿಟ್ಟರೆ ತಾನೇ ಹತ್ತುವ ಬ್ಯಾಟರಿ ದೀಪ ಲೋಹಾರ್ ಚಾಳ್ ಕಡೆ ಹುಡುಕಿದರೆ ಸಿಗುತ್ತದೆ. ಪೂರ್ತಿ ಕತ್ತಲೆ ಮಾತ್ರ ಮಾಡಬೇಡಿ, ಬೀಳುತ್ತಾರೆ. ನೀರು ಸುರಿಯುವ ಸದ್ದಿಗೆ ಮೆಡಿಕಲ್ ಅಂಗಡಿಯ ಮುಚ್ಚಳವಿರುವ ಯೂರಿನ್ ಪಾಟ್ ತನ್ನಿ, ಬೆಳಿಗ್ಗೆ ತೊಳೆದರಾಯಿತು.

ನೀವು ಏಳುವ ಹೊತ್ತು ಭಾನುವಾರವೂ ಆರರ ಆಚೆಗೆ ಹೋಗಬಾರದು. ರಾತ್ರಿ ಕೆಟ್ಟಿದ್ದರೆ ಶಾಲೆಯಿಂದ ಬಂದು ಮೂರರೊಳಗೆ ಇಪ್ಪತ್ತು ನಿಮಿಷ ಮಲಗಿ, ಅಲಾರಂ ಇಟ್ಟು. ನಡುರಾತ್ರಿ ಎಚ್ಚರವಾದರೆ ಮೊಬೈಲಿನಲ್ಲಿ ಗಂಟೆ ನೋಡಬೇಡಿ. ಇನ್ನು ಎರಡೇ ಗಂಟೆ ಉಳಿಯಿತು ಎಂಬ ಲೆಕ್ಕದಿಂದಲೇ ಅರ್ಧ ನಿದ್ರೆ ಹೋಗುತ್ತದೆ.

ಪುಣೆಯಿಂದ ಒಬ್ಬರು: ಕಾಲಿನ ನೀರು ಮೂತ್ರ ಆಗೋದು ನನಗೆ ಗೊತ್ತೇ ಇರಲಿಲ್ಲ. ಆದರೂ ನೀರು ನಿಲ್ಲಿಸಿದ್ದು ನಮಗೆ ಕೆಲಸ ಮಾಡಿತು, ಅದು ಸುಳ್ಳಲ್ಲ.

ಪರೇಲ್ ಸೊಸೆ (ಮೂರು ವಾರದ ನಂತರ): ಡಾಕ್ಟರು ಎಚ್ ಮಾತ್ರೆ ಬೆಳಿಗ್ಗೆಗೆ ಹಾಕಿದರು, ಇನ್ನೊಂದನ್ನು ಮುಂದಿನ ತಿಂಗಳು ನೋಡೋಣ ಎಂದರು. ಈಗ ಎರಡು ಸಲ, ಒಮ್ಮೊಮ್ಮೆ ಮೂರು. ಮಲಗುವುದು ಎಂಟೂಮುಕ್ಕಾಲಿಗೆ ಬಂದಿದೆ. ಜಪ ನಾಲ್ಕೂಕಾಲಿಗೆ, ಮನಸ್ಸಿನಲ್ಲೇ. ಹಾಸಿಗೆ ಬದಲಿಸಿದ್ದು ಎಲ್ಲಕ್ಕಿಂತ ಜಾಸ್ತಿ ಉಪಯೋಗ ಆಯಿತು. ಪಾಟ್ ಮಾತ್ರ ಇನ್ನೂ ಪ್ಯಾಕೆಟ್ಟಿನಲ್ಲೇ ಇದೆ. ಮಂಚದ ಎದುರಿಗೇ ದೇವರ ಗೂಡು. "ದೇವರ ಮುಂದೆ ಪಾಟಾ?" ಅಂತಾರೆ ಅತ್ತೆ. ಇದಕ್ಕೆ ಏನು ಹೇಳಲಿ ಮೇಡಂ?

ಡಾಕ್ಟರ್, ಮುಲುಂಡ್: ಇದಕ್ಕೆ ನನ್ನ ಹತ್ತಿರ ಔಷಧ ಇಲ್ಲ. ನಮ್ಮ ಮನೆಯಲ್ಲಿ ಅಜ್ಜಿ ರಾತ್ರಿ ಗೂಡಿಗೆ ಪರದೆ ಎಳೆಯುತ್ತಿದ್ದರು. ಕೇಳಿ ನೋಡಿ.

ವಾಸ್ಕೋದಿಂದ: ಮೇಡಂ, ಅಜ್ಜಿಯ ಗೊರಕೆ ನಡುವೆ ಉಸಿರು ನಿಂತ ಹಾಗೆ ಆಗುತ್ತೆ, ನಿನ್ನೆ ರಾತ್ರಿ ಕೂತು ನೋಡಿದೆ. ನಾನು ಬೇರೆ ಪ್ರಶ್ನೆ ಹಾಕಲಾ?

ಡಾಕ್ಟರ್, ಮುಲುಂಡ್: ಹಾಕಿ. ಅದಕ್ಕೆ ಮೊದಲು ಎರಡು ನಿಮಿಷ ಮೊಬೈಲಿನಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಿ, ತೋರಿಸುವ ಡಾಕ್ಟರಿಗೆ ಬೇಕಾಗುತ್ತದೆ.