ವಾಂಡರಿಂಗ್‌ಗೆ ‘ಅಲೆದಾಟ’ ಸರಿಯೇ?

ಪ್ರಶ್ನೆ

ವೃದ್ಧರ ಆರೈಕೆ ಕೇಂದ್ರಗಳಲ್ಲಿ ಕೆಲಸಕ್ಕೆ ಸೇರುವವರಿಗಾಗಿ ಡಿಮೆನ್ಷಿಯಾ ಕುರಿತ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮಾತುಕತೆ, ವಾಂಡರಿಂಗ್, ವರ್ತನೆಯ ನಿರ್ವಹಣೆ ಎಂದು ಮೂರು ಪಾಠ. ನಡುವಿನದರಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ‘ಅಲೆದಾಟ’ ಎಂದು ಬರೆದು ಹೊಡೆದುಹಾಕಿದೆ. ‘ಸುತ್ತಾಟ’ ಎಂದರೆ ಪ್ರವಾಸ ಹೋದಂತಿದೆ. ಅದೇ ಪಾಠದಲ್ಲಿ ಎಲೋಪ್‌ಮೆಂಟ್ ಎಂಬುದೂ ಇದೆ, ಅಂದರೆ ಯಾರಿಗೂ ತಿಳಿಯದಂತೆ ಕೇಂದ್ರದಿಂದ ಹೊರಗೆ ಹೋಗಿಬಿಡುವುದು. ‘ಓಡಿಹೋಗುವುದು’ ಎಂದು ಹಾಕಿದ್ದೆ. ಓದಿದ ಮಗಳು, ‘ಅಜ್ಜ ಯಾರ ಜೊತೆ ಓಡಿಹೋದರು?’ ಎಂದು ನಕ್ಕಳು.

ಉತ್ತರ 1

‘ಅಲೆದಾಟ’ ಹೊಡೆದುಹಾಕಿದ್ದು ಸರಿ. ಗೊತ್ತುಗುರಿಯಿಲ್ಲದೆ ತಿರುಗುವವನು ಅಲೆಮಾರಿ, ಆ ಛಾಯೆ ಬೇಡ. ಆದರೆ ಕಾಯಿಲೆಯ ಲಕ್ಷಣವೇ ಗುರಿಯಿಲ್ಲದಿರುವುದು ತಾನೇ? ‘ಗುರಿರಹಿತ ನಡಿಗೆ’ ಎಂದುಬಿಡಿ, ಶಾಸ್ತ್ರೀಯವಾಗಿಯೂ ಇರುತ್ತದೆ. ಎಲೋಪ್‌ಮೆಂಟ್‌ಗೆ ‘ಪರಾರಿ’.

ಉತ್ತರ 2

ಡಿಮೆನ್ಷಿಯಾಕ್ಕೆ ನಮ್ಮಲ್ಲಿ ‘ಅರಳುಮರಳು’ ಇದೆಯಲ್ಲ, ಅದನ್ನೇ ಬಳಸಿ. ನಮ್ಮ ತಾಯಿಗೂ ಇದೇ ಆಗಿದೆ. ಮೊದಲು ಕೂತಲ್ಲೇ ಕೂರುತ್ತಿದ್ದರು. ರಾತ್ರಿ ಕೂಗಾಡುತ್ತಾರೆಂದು ಹೊಸ ಮಾತ್ರೆ ಶುರುಮಾಡಿದ ಮೇಲೆ ಒಂದು ಕಡೆ ಕೂರಲಾರರು. ಊಟದ ನಡುವೆ ಮೂರು ಸಲ ಏಳುತ್ತಾರೆ, ನಿಂತಲ್ಲೇ ಕಾಲು ಬದಲಿಸುತ್ತಾರೆ. ಕಾಯಿಲೆ ಜಾಸ್ತಿಯಾಯಿತು ಎಂದು ಎಲ್ಲರೂ ಹೇಳುತ್ತಿದ್ದಾರೆ.

ಉತ್ತರ 3

ಕೇಳಿದ್ದು ಡಿಮೆನ್ಷಿಯಾದ ಪದವಲ್ಲ, ಇರಲಿ. ಮೊದಲು ನಿಮ್ಮ ತಾಯಿಯ ವಿಷಯ. ನಾನು ಬಹಳ ವರ್ಷ ಇಂಥ ವಾರ್ಡಿನಲ್ಲಿ ನರ್ಸ್ ಆಗಿದ್ದವಳು. ಹ್ಯಾಲೊಪೆರಿಡಾಲ್‌ನಂಥ ಮಾತ್ರೆಗಳು ಕೆಲವರಲ್ಲಿ ಒಳಗಿನಿಂದ ತಳಮಳ ಹುಟ್ಟಿಸುತ್ತವೆ, ಕಾಲು ನಿಲ್ಲುವುದೇ ಇಲ್ಲ. ಅಕಥೀಸಿಯಾ ಅನ್ನುತ್ತಾರೆ. ಅದನ್ನು ಕಾಯಿಲೆಯೆಂದೇ ತಿಳಿದು ಮಾತ್ರೆ ಹೆಚ್ಚಿಸಿದರೆ ನಡಿಗೆಯೂ ಹೆಚ್ಚುತ್ತದೆ. ನೀವಾಗಿ ನಿಲ್ಲಿಸಬೇಡಿ. ಮಾತ್ರೆ ಶುರುವಾದ ದಿನ, ಓಡಾಟ ಶುರುವಾದ ದಿನ ಎರಡನ್ನೂ ಬರೆದುಕೊಂಡು ಬೇಗ ಡಾಕ್ಟರಿಗೆ ತೋರಿಸಿ.

ಈಗ ಪದಕ್ಕೆ ಬರೋಣ. ‘ಗುರಿರಹಿತ’ ಖಂಡಿತ ಬೇಡ ಸಾರ್. ಗುರಿ ನಮಗೆ ಕಾಣದಿರಬಹುದು, ಅವರಿಗೆ ಇರುತ್ತದೆ. ನಮ್ಮಲ್ಲಿ ಒಬ್ಬರು ದಿನಾ ಸಂಜೆ ಬಾಗಿಲ ಬಳಿ ಹೋಗಿ ಚಿಲಕ ಎಳೆಯುತ್ತಿದ್ದರು. ತಡೆದರೆ ಕೈ ಎತ್ತುತ್ತಿದ್ದರು. ದಿನಚರಿ ಪುಸ್ತಕದಲ್ಲಿ ಪ್ರತಿದಿನ ಒಂದೇ ಸಾಲು, ‘ವಾಂಡರಿಂಗ್, ಸಿಟ್ಟು’. ಆ ಪದ ಬಿದ್ದ ಮೇಲೆ ಯಾಕೆ ಎಂದು ಯಾರೂ ಕೇಳಲಿಲ್ಲ. ಒಂದು ವಾರ ಆ ಪದವನ್ನೇ ನಿಷೇಧಿಸಿ, ಅದಕ್ಕೆ ಮೊದಲು ಏನಾಯಿತು, ಅವರು ಮಾಡಿದ್ದೇನು, ಆಮೇಲೆ ನಾವು ಮಾಡಿದ್ದೇನು ಎಂದು ಮೂರು ಅಂಕಣದಲ್ಲಿ ಬರೆಸಿದೆವು. ಏಳು ದಿನದಲ್ಲಿ ಐದು ದಿನ ಮೊದಲ ಅಂಕಣದಲ್ಲಿ ಇದ್ದದ್ದು ಒಂದೇ: ಪಾಳಿ ಮುಗಿಸಿದ ಹುಡುಗಿಯರು ಬ್ಯಾಗು ಹೆಗಲಿಗೇರಿಸಿ, ‘ಹೋಗ್ಬರ್ತೀವಿ’ ಎಂದು ಅವರ ಎದುರೇ ಹಾದುಹೋಗುವುದು. ಜೀವಮಾನವೆಲ್ಲ ಆಫೀಸಿಗೆ ಹೋದ ಮನುಷ್ಯ, ಎಲ್ಲರೂ ಮನೆಗೆ ಹೊರಟಾಗ ತಾನೂ ಹೊರಡುತ್ತಿದ್ದರು. ಬ್ಯಾಗುಗಳನ್ನು ಹಿಂದಿನ ಬಾಗಿಲಿನಿಂದ ಕಳಿಸಿದೆವು. ಆ ಹೊತ್ತಿಗೆ ಒಬ್ಬರು ಅವರ ಜೊತೆ ಅಂಗಳದಲ್ಲಿ ನಡೆದರು. ಚಿಲಕದ ಗಲಾಟೆ ಬಹಳ ಕಡಿಮೆಯಾಯಿತು. ಉಳಿದ ಎರಡು ದಿನದ ಕಾರಣ ಕೊನೆಗೂ ತಿಳಿಯಲಿಲ್ಲ.

ಹಾಗಾಗಿ ದಿನಚರಿಗೆ ‘ಓಡಾಡಿದರು’, ‘ಬಾಗಿಲ ಬಳಿ ಹೋದರು’ ಸಾಕು. ಬ್ರಿಟನ್ನಿನ ಆಲ್‌ಝೈಮರ್ಸ್ ಸೊಸೈಟಿಯೂ ಹಳೆಯ ಪದ ಬಿಟ್ಟು ‘ನಡೆದಾಡುವುದು’ ಎಂಬರ್ಥದ ಮಾತನ್ನೇ ಬಳಸುತ್ತದೆ. ‘ಪರಾರಿ’ ಕಳ್ಳರಿಗಿರಲಿ. ‘ತಿಳಿಸದೆ ಹೊರಹೋಗುವುದು’ ಎನ್ನಿ.

ಉತ್ತರ 1, ಮತ್ತೆ

ಗುರಿಯ ಮಾತು ಒಪ್ಪಿದೆ. ಹಾಗಾದರೆ ‘ಅಲೆದಾಟ’ವೇ ಸರಿಯಿತ್ತೇನೋ! ‘ಒಂದು ಸಹಿಗಾಗಿ ತಿಂಗಳುಗಟ್ಟಲೆ ಅಲೆದೆ’ ಅನ್ನುವಾಗ ಗುರಿ ಇದೆ, ಸಿಗುತ್ತಿಲ್ಲ ಅಷ್ಟೇ. ನಾನು ‘ಅಲೆಮಾರಿ’ಯನ್ನು ಹಿಡಿದು ‘ಅಲೆ’ಯನ್ನು ತಪ್ಪಾಗಿ ಅಳೆದೆ.

ಪ್ರಶ್ನೆ ಕೇಳಿದವರು

ಪಾಠದ ಹೆಸರು ‘ಓಡಾಟ’, ಒಳಗೆ ಹುಡುಕಾಟದ ಅರ್ಥ ಬರುವಲ್ಲಿ ‘ಅಲೆದಾಟ’. ಹೀಗೆ ಇಟ್ಟುಕೊಳ್ಳುತ್ತೇನೆ.

ಇನ್ನೊಂದು ಉಳಿಯಿತು, ರೀಡೈರೆಕ್ಷನ್. ‘ಆಫೀಸ್ ಬಿಟ್ಟು ಎಷ್ಟೋ ವರ್ಷವಾಯಿತಲ್ಲ’ ಎಂದು ವಾದಿಸದೆ, ‘ಯಾವ ಆಫೀಸು, ಏನು ಕೆಲಸ ಇತ್ತು?’ ಎಂದು ಕೇಳುತ್ತಾ, ಹತ್ತು ಹೆಜ್ಜೆ ಜೊತೆಗೆ ನಡೆದು, ಮಾತಿನಲ್ಲೇ ಒಳಗೆ ಕರೆತರುವುದು. ‘ಗಮನ ಬೇರೆಡೆ ಸೆಳೆಯುವುದು’ ಎಂದರೆ ಮಗುವಿಗೆ ಗಿಲಕಿ ತೋರಿಸಿದಂತೆ. ‘ಮನಸ್ಸು ತಿರುಗಿಸುವುದು’ ಎಂದರೆ ಕಿವಿಯೂದಿದಂತೆ.

ಉತ್ತರ 3

ನಾವು ವಾರ್ಡಿನಲ್ಲಿ ‘ಜೊತೆಗೆ ಹೋಗಿ ಕರ್ಕೊಂಡ್ ಬಾ’ ಅಂತಿದ್ದೆವು. ಒಂದೇ ಪದ ಸಿಕ್ಕರೆ ನನಗೂ ಹೇಳಿ.